6 ಕೆಟ್ಟರೆ 7ನ್ನು ತಿದ್ದುತ್ತಿದ್ದ ನನ್ನ ಕೋಡ್

ಕಳಿಸಿದ ಬಿಟ್‌ಗಳಲ್ಲಿ ಒಂದು ಕೆಟ್ಟರೆ ಅದನ್ನು ಹುಡುಕಿ ತಿದ್ದುವ ಹ್ಯಾಮಿಂಗ್ ಕೋಡನ್ನು ಪ್ರೋಗ್ರಾಮ್ ಮಾಡುವ ಮೊದಲು ಒಂದು ಸಲ ಕಾಗದದ ಮೇಲೆ ಬಿಡಿಸಿ ನೋಡಿದೆ. ಡೇಟಾ 1011. ಏಳು ಮನೆ ಬರೆದು, 1, 2, 4ನೇ ಮನೆಗಳನ್ನು ಪ್ಯಾರಿಟಿಗೆ, ಅಂದರೆ ತಪ್ಪು ಹಿಡಿಯುವ ಕಾವಲು ಬಿಟ್‌ಗಳಿಗೆ, ಖಾಲಿ ಬಿಟ್ಟೆ. 3, 5, 6, 7ರಲ್ಲಿ ಡೇಟಾ ಕೂತಿತು.

ಯಾವ ಪ್ಯಾರಿಟಿ ಯಾರನ್ನು ಕಾಯುತ್ತದೆ ಅಂತ ಬಾಯಿಪಾಠ ಮಾಡಬೇಕಿಲ್ಲ. 6 ಅಂದರೆ 4+2, ಹಾಗಾಗಿ ಆರನೇ ಮನೆಯನ್ನು 4 ಮತ್ತು 2 ಕಾಯುತ್ತವೆ. 7 ಅಂದರೆ 4+2+1, ಅದಕ್ಕೆ ಮೂರೂ ಕಾವಲು. 1, 2, 4ನ್ನು ಹೀಗೆ ಒಡೆಯೋಕೆ ಆಗಲ್ಲ, ಅಲ್ವಾ? ಅದಕ್ಕೇ ಪ್ಯಾರಿಟಿ ಅಲ್ಲಿ ಕೂರುವುದು. ಒಂದರ ಲೆಕ್ಕದಲ್ಲಿ ಇನ್ನೊಂದು ತಲೆ ಹಾಕುವುದಿಲ್ಲ.

ಪ್ರತಿ ಗುಂಪಿನಲ್ಲೂ 1ಗಳ ಎಣಿಕೆ ಸಮ ಆಗಬೇಕು. 3, 5, 7ರಲ್ಲಿ 1, 0, 1 ಇದೆ, ಆದ್ದರಿಂದ ಮೊದಲ ಮನೆಗೆ 0. 3, 6, 7ರಲ್ಲಿ ಮೂರು 1 ಇವೆ, ಎರಡನೆಯದಕ್ಕೆ 1. 5, 6, 7ರಲ್ಲಿ ಎರಡು 1, ನಾಲ್ಕನೆಯದಕ್ಕೆ 0. ಒಟ್ಟು 0110011.

ಈಗ ಬೇಕಂತಲೇ ಆರನೇ ಬಿಟ್ ಕೆಡಿಸಿದೆ: 0110001. ಒಂದರ ಗುಂಪು ಸಮವಾಗೇ ಇದೆ. ಎರಡರದ್ದು ಬೆಸ, ನಾಲ್ಕರದ್ದೂ ಬೆಸ. 2+4=6. ಕೆಟ್ಟ ಮನೆಯ ನಂಬರೇ ಸಿಕ್ಕಿತು. ಇದಕ್ಕೆ ಸಿಂಡ್ರೋಮ್ ಅನ್ನುತ್ತಾರೆ.

ಕಾಗದದಲ್ಲಿ ಸರಿ ಬಂದದ್ದು ಕಂಪ್ಯೂಟರಿನಲ್ಲಿ ಕೈಕೊಟ್ಟಿತು. ಸಿಂಡ್ರೋಮ್ 6 ಅಂತಲೇ ಬರುತ್ತಿತ್ತು, ಆದರೆ ತಿದ್ದಿದ ಮೇಲೂ ಡೇಟಾ ತಪ್ಪು. ತಿದ್ದಿದ ಬಿಟ್‌ಗಳ ಸಿಂಡ್ರೋಮನ್ನು ಮತ್ತೆ ಲೆಕ್ಕ ಹಾಕಿದಾಗ ಸೊನ್ನೆಯ ಬದಲು 1 ಬಂತು. ಆಗ ಹೊಳೆಯಿತು: ಲಿಸ್ಟಿನ ಎಣಿಕೆ 0ಯಿಂದ, ಹ್ಯಾಮಿಂಗ್ ಎಣಿಕೆ 1ರಿಂದ. ನಾನು `bits[6]` ತಿರುಗಿಸಿದ್ದೆ, ಅದು ಏಳನೇ ಮನೆ! ಸರಿಪಡಿಸಿದ್ದು ಹೀಗೆ:

```python
s = 0
for pos in range(1, 8):
    if bits[pos - 1]:
        s ^= pos
if s:
    bits[s - 1] ^= 1
```

ಗುಂಪುಗಳ ಗೋಜೇ ಇಲ್ಲ. 1 ಇರುವ ಮನೆಗಳ ನಂಬರುಗಳನ್ನು ಸುಮ್ನೆ XOR ಮಾಡಿದರೆ ಅದೇ ಸಿಂಡ್ರೋಮ್. 16 ಡೇಟಾ, ಪ್ರತಿಯೊಂದಕ್ಕೂ 'ತಪ್ಪಿಲ್ಲ' ಸೇರಿ 8 ಸ್ಥಿತಿ, ಅಂದರೆ 128 ಪರೀಕ್ಷೆ. ಎಲ್ಲವೂ ಪಾಸು.

ಆಮೇಲೆ 3 ಮತ್ತು 6 ಎರಡನ್ನೂ ಕೆಡಿಸಿದೆ. ಸಿಂಡ್ರೋಮ್ 5 ಅಂದಿತು. ಪಾಪ, ಏನೂ ಆಗದ ಐದನೇ ಬಿಟ್ಟನ್ನು ತಿರುಗಿಸಿ 0101 ಅನ್ನುವ ಡೇಟಾ ಕೊಟ್ಟಿತು, ಅದೂ ಯಾವ ಅನುಮಾನವೂ ಬಾರದ ಹಾಗೆ. ಮೂರು ಬಿಟ್‌ನ ಸಿಂಡ್ರೋಮಿಗೆ ಇರುವುದೇ 8 ಬೆಲೆ. ಏಳು ಮನೆಗೆ ಏಳು, 'ಸರಿ ಇದೆ' ಅನ್ನಲು ಒಂದು. 'ಎರಡು ಕೆಟ್ಟಿವೆ' ಅನ್ನಲು ಜಾಗವೇ ಉಳಿದಿಲ್ಲ.

ಹಾಗಾಗಿ ಇಡೀ ಸಾಲಿಗೆ ಎಂಟನೇ ಪ್ಯಾರಿಟಿ ಬಿಟ್ ಸೇರಿಸಿದೆ. ಸಿಂಡ್ರೋಮ್ ಸೊನ್ನೆ ಅಲ್ಲ, ಆದರೂ ಒಟ್ಟು 1ಗಳು ಸಮವಾಗೇ ಇವೆ ಅಂದರೆ, ಈಗ ನನ್ನ ಕೋಡ್ ತಿದ್ದಲು ಹೋಗುವುದಿಲ್ಲ. ಮತ್ತೆ ಕಳಿಸಿ ಅನ್ನುತ್ತದೆ.