‘ಏನೂ ತಿಂದಿಲ್ಲ ಅಲ್ವಾ?’ ಎಂದು ಕೇಳುವುದನ್ನು ನಾನು ಬಿಟ್ಟಿದ್ದು

ಅರಿವಳಿಕೆ ವೈದ್ಯನಾಗಿ ಕೆಲಸ ಶುರು ಮಾಡಿದ ಹೊಸದರ ಮಾತು. ಹರ್ನಿಯಾ ಆಪರೇಷನ್‌ಗೆ ಬಂದ ನಡುವಯಸ್ಸಿನವರೊಬ್ಬರು ಮೇಜಿನ ಮೇಲೆ ಕೂತಿದ್ದರು. ಬೆನ್ನಿಗೆ ಸೂಜಿ ಹಾಕುವ ಮುಂಚೆ ಕೇಳಿದೆ: ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ?’

‘ಇಲ್ಲ ಸಾರ್, ಏನೂ ತಿಂದಿಲ್ಲ.’

ಅವರು ಹೇಳಿದ್ದು ಸುಳ್ಳಲ್ಲ. ಏನೂ ತಿಂದಿರಲಿಲ್ಲ, ಒಂದು ಲೋಟ ಹಾಲು ಕುಡಿದಿದ್ದರು. ನಮ್ಮ ಮಾತಿನಲ್ಲಿ ತಿನ್ನುವುದು ಬೇರೆ, ಕುಡಿಯುವುದು ಬೇರೆ. ನಾನು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಅವತ್ತು ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್, ಸರಿಯಾಗಿ ಹಿಡಿಯಲಿಲ್ಲ. ಕೆಲವೊಮ್ಮೆ ಹಾಗಾಗುತ್ತದೆ. ಕಾಲು ಮರಗಟ್ಟಿತ್ತು, ಆದರೆ ಸರ್ಜನ್ ಚಿಮಟದಿಂದ ತೊಡೆಸಂದಿ ಹಿಡಿದಾಗ ರೋಗಿ ‘ಅಯ್ಯೋ’ ಎಂದರು. ಪೂರ್ತಿ ಮಲಗಿಸಿಯೇ ಮಾಡೋಣ ಎಂದು ಜನರಲ್ ಅನಸ್ತೇಶಿಯಾಕ್ಕೆ ಬದಲಾಯಿಸಿದೆ. ನಿದ್ದೆಯ ಇಂಜೆಕ್ಷನ್ ಕೊಟ್ಟೆ. ಗಂಟಲಿಗೆ ಟ್ಯೂಬ್ ಹಾಕಲು ಬಾಯಿ ತೆರೆದರೆ ಒಳಗೆ ಬೆಳ್ಳಗೆ, ಒಡೆದ ಹಾಲಿನ ಗಡ್ಡೆಗಳು. ಮೇಜನ್ನು ತಲೆಕಡೆಗೆ ಇಳಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಸಕ್ಷನ್ ಮಾಡಿ ಟ್ಯೂಬ್ ಹಾಕುವಷ್ಟರಲ್ಲಿ ರಕ್ತದ ಆಮ್ಲಜನಕ 98ರಿಂದ 86ಕ್ಕೆ ಬಂದಿತ್ತು. ಸ್ವಲ್ಪ ಶ್ವಾಸಕೋಶಕ್ಕೂ ಹೋಗಿತ್ತು. ಆಪರೇಷನ್ ಮುಂದೂಡಿದೆವು. ಎರಡು ದಿನ ಆಮ್ಲಜನಕ ಕೊಟ್ಟೆವು. ಚೇತರಿಸಿಕೊಂಡು ಮನೆಗೆ ಹೋದರು. ಹಾಲಿನ ವಿಷಯ ಸಂಜೆ ಅವರೇ ಹೇಳಿದರು: ‘ಹಾಲು ತಾನೇ ಸಾರ್, ಊಟ ಅಲ್ವಲ್ಲ.’

ಎಚ್ಚರವಿದ್ದಾಗ ಹೊಟ್ಟೆಯಿಂದ ಏನಾದರೂ ಮೇಲೆ ಬಂದರೆ ನಾವು ಕೆಮ್ಮುತ್ತೇವೆ, ನುಂಗುತ್ತೇವೆ. ಅರಿವಳಿಕೆಯ ಔಷಧಿ ಆ ಕೆಮ್ಮನ್ನೇ ಅಳಿಸಿಬಿಡುತ್ತದೆ. ಜಠರದ ಮೇಲಿನ ಬಾಗಿಲೂ ಸಡಿಲವಾಗುತ್ತದೆ. ಜಠರದ ಹುಳಿರಸ ಶ್ವಾಸಕೋಶಕ್ಕೆ ಇಳಿದರೆ ಸುಟ್ಟ ಹಾಗಾಗುತ್ತದೆ. ಹೆರಿಗೆಗೆ ಅರಿವಳಿಕೆ ಪಡೆದ ಹೆಂಗಸರಲ್ಲಿ ಇದನ್ನು ಗಮನಿಸಿ ಮೆಂಡೆಲ್ಸನ್ ಎಂಬ ವೈದ್ಯರು 1946ರಲ್ಲಿ ಬರೆದರು. ಉಪವಾಸದ ನಿಯಮ ಬಿಗಿಯಾಗಲು ಅದೂ ಒಂದು ಕಾರಣ.

ನೀರು ಜಠರದಿಂದ ಬೇಗ ಇಳಿದುಹೋಗುತ್ತದೆ. ಅದಕ್ಕೆ ದೊಡ್ಡವರಿಗೆ 2 ಗಂಟೆ ಸಾಕು. ಹಾಲಿಲ್ಲದ ಚಹಾ, ತಿರುಳಿಲ್ಲದ ತಿಳಿ ಹಣ್ಣಿನ ರಸವೂ ಇದೇ ಲೆಕ್ಕ. ಹಾಲು ಮಾತ್ರ ಮೋಸಗಾರ. ಕುಡಿಯುವಾಗ ನೀರಿನ ಹಾಗೆ, ಹೊಟ್ಟೆಯ ಹುಳಿಗೆ ಬಿದ್ದರೆ ಗಡ್ಡೆ. ಆದ್ದರಿಂದ ಹಾಲಿಗೂ ಹಗುರ ತಿಂಡಿಗೂ 6 ಗಂಟೆ. ಕರಿದದ್ದು, ಜಿಡ್ಡಿನದ್ದು, ಮಾಂಸ ತಿಂದಿದ್ದರೆ 8 ಗಂಟೆಯಾದರೂ ಬೇಕು. ಎದೆಹಾಲು ಕುಡಿಯುವ ಮಗುವಿಗೆ 4.

ಹಾಗಂತ ಜಾಸ್ತಿ ಉಪವಾಸವಿದ್ದರೆ ಜಾಸ್ತಿ ಒಳ್ಳೆಯದು ಅಂತಲ್ಲ. ಮಧ್ಯಾಹ್ನ 2ಕ್ಕೆ ಆಪರೇಷನ್ ಇರುವವರನ್ನು ಹಿಂದಿನ ರಾತ್ರಿಯಿಂದ ನೀರೂ ಕೊಡದೆ ಒಣಗಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಲೆನೋವು ಬರುತ್ತದೆ, ಡ್ರಿಪ್ ಹಾಕಲು ರಕ್ತನಾಳ ಸಿಗುವುದಿಲ್ಲ, ಸ್ಪೈನಲ್ ಕೊಟ್ಟ ಕೂಡಲೇ ಬಿಪಿ ಇಳಿಯುವುದೂ ಹೆಚ್ಚು. ನಾನು ಈಗ ಅಂಥವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, 12ರವರೆಗೆ ನೀರು ಕುಡಿಯಲು ಹೇಳುತ್ತೇನೆ.

ಪ್ರಶ್ನೆಯನ್ನೂ ಬದಲಾಯಿಸಿಕೊಂಡೆ. ‘ಕೊನೆಯದಾಗಿ ಬಾಯಿಗೆ ಹಾಕಿಕೊಂಡಿದ್ದು ಏನು, ಎಷ್ಟು ಗಂಟೆಗೆ? ಅದಾದ ಮೇಲೆ ಏನು ಕುಡಿದ್ರಿ?’ ಇದಕ್ಕೆ ‘ಇಲ್ಲ’ ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈಚೆಗೆ ಮಣಿಕಟ್ಟು ಮುರಿದುಕೊಂಡಿದ್ದ ಒಬ್ಬ ಅಮ್ಮನಿಗೆ ಪ್ಲೇಟ್ ಹಾಕಬೇಕಿತ್ತು. ಬೆಳಿಗ್ಗೆ 8.30ಕ್ಕೆ ಸಮಯ. ನನ್ನ ಪ್ರಶ್ನೆಗೆ ಅವರ ಉತ್ತರ: ‘7.15ಕ್ಕೆ ಬಿಪಿ ಮಾತ್ರೆ. ನೀವೇ ತಗೊಳ್ಳಿ ಅಂದಿದ್ರಲ್ಲ.’ ‘ಯಾವುದರ ಜೊತೆ ತಗೊಂಡ್ರಿ ಅಮ್ಮ?’ ‘ಹಾಲು ಹಾಕಿದ ಕಾಫಿ. ಎರಡೇ ಗುಟುಕು.’

ಮಾತ್ರೆ ತಗೊಳ್ಳಿ ಎಂದವರು ನಾವು. ಒಂದು ಗುಟುಕು ನೀರಿನ ಜೊತೆ ಎಂದು ಹೇಳದೆ ಬಿಟ್ಟವರೂ ನಾವೇ. ಎರಡು ಗುಟುಕು ಎಂದರೆ ಎಷ್ಟು ಅಂತ ನನಗೆ ಅಳೆಯಲು ಆಗುವುದಿಲ್ಲ. ಜೀವಕ್ಕೆ ತುರ್ತು ಇರಲಿಲ್ಲ, ಬೆರಳುಗಳಲ್ಲಿ ರಕ್ತ ಓಡಾಟ ಚೆನ್ನಾಗಿತ್ತು. 1.30ಕ್ಕೆ ಮುಂದೆ ಹಾಕಿದೆ. ಸರ್ಜನ್ ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ.

ಆ ಅಮ್ಮನಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಜಠರ ನಿಧಾನವಾಗಿ ಖಾಲಿಯಾಗಬಹುದು, ಗಡಿಯಾರ ನೋಡಿದರಷ್ಟೇ ಸಾಲದು. ಹಾಗಾಗಿ 1.15ಕ್ಕೆ ಬಲಮಗ್ಗುಲಿಗೆ ಮಲಗಿಸಿ ಹೊಟ್ಟೆಯ ಅಲ್ಟ್ರಾಸೌಂಡ್ ನೋಡಿದೆ. ಜಠರ ಚಪ್ಪಟೆಯಾಗಿ, ಖಾಲಿ ಇತ್ತು. ತೂಕ ಇಳಿಸಲು ವಾರಕ್ಕೊಮ್ಮೆ ಇಂಜೆಕ್ಷನ್ ತಗೊಳ್ಳುವವರಲ್ಲೂ ಜಠರ ಹೀಗೆ ನಿಧಾನವಾಗಬಹುದು. ಎಷ್ಟೋ ಜನ ಅದನ್ನು ಔಷಧಿ ಅಂತ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ಕಾಯುವ ಹೊತ್ತಿನಲ್ಲಿ ಆ ಅಮ್ಮ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಎಲ್ಲ ರೋಗಿಗಳೂ ಕೇಳಬೇಕು. ಮೊದಲನೆಯದು: ‘ನನಗೆ ಯಾವ ಥರ ಅನಸ್ತೇಶಿಯಾ? ಯಾಕೆ ಅದೇ?’ ಹೇಳಿದೆ: ಸ್ಪೈನಲ್ ಸೊಂಟದ ಕೆಳಗಿನ ಕೆಲಸಕ್ಕೆ, ನಿಮ್ಮ ಕೈಗೆ ಉಪಯೋಗವಿಲ್ಲ. ಜನರಲ್‌ನಲ್ಲಿ ಪೂರ್ತಿ ಎಚ್ಚರ ತಪ್ಪಿಸಿ ಉಸಿರಾಟವನ್ನೂ ನಾವೇ ನೋಡಿಕೊಳ್ಳಬೇಕು. ನಿಮಗೆ ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಮೇಲೆ, ಕೈಗೆ ಹೋಗುವ ನರಗಳ ಸುತ್ತ ಔಷಧಿ ಹಾಕುತ್ತೇನೆ. ಅದಕ್ಕೆ ಬ್ಲಾಕ್ ಅಂತಾರೆ. ಕೈ ಮಾತ್ರ ಮರಗಟ್ಟುತ್ತದೆ, ಉಸಿರು ನಿಮ್ಮದೇ.

‘ಅದು ಹಿಡೀದೇ ಇದ್ರೆ?’ ಇದು ನಿಜವಾದ ಪ್ರಶ್ನೆ. ಕೈ ಒಂದಕ್ಕೇ ಔಷಧಿ ಅಂದಮೇಲೆ ಉಪವಾಸ ಯಾಕೆ ಎಂದು ಕೇಳುವವರಿಗೆ ಉತ್ತರವೂ ಇದರಲ್ಲೇ ಇದೆ. ಹಿಡಿಯದಿದ್ದರೆ ಜನರಲ್‌ಗೆ ಹೋಗಬೇಕು. ಆ ಹಾಲಿನ ಲೋಟದವರಿಗೆ ಆಗಿದ್ದು ಅದೇ.

‘ನಿಮ್ಮ ಮಾತೆಲ್ಲ ನನಗೆ ಕೇಳಿಸುತ್ತಾ?’ ಕೇಳಿಸಬಹುದು. ಬೇಡವೆಂದರೆ ಮಂಪರಿಗೆ ಸ್ವಲ್ಪ ಔಷಧಿ ಕೊಡಬಹುದು. ಅದು ಪೂರ್ತಿ ನಿದ್ದೆಯಲ್ಲ, ಕರೆದರೆ ಓಗೊಡುತ್ತೀರಿ. ಆಪರೇಷನ್ ಮುಗಿಯುವವರೆಗೂ ಅರಿವಳಿಕೆ ನೋಡಿಕೊಳ್ಳುವವರು ಒಬ್ಬರು ಪಕ್ಕದಲ್ಲೇ ಇರುತ್ತಾರಾ ಎಂದೂ ಕೇಳಿದರು. ಇರುತ್ತೇನೆ ಎಂದೆ.

ಅವರು ಕೇಳದೆ ಬಿಟ್ಟದ್ದನ್ನು ನಾನೇ ಕೇಳಿದೆ. ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ? ಸ್ಪೈನಲ್‌ಗೆ ಮುಂಚೆ ಇವುಗಳಲ್ಲಿ ಕೆಲವನ್ನು ದಿನಗಟ್ಟಲೆ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ನೀವಾಗಿಯೇ ನಿಲ್ಲಿಸಬಾರದು. ಅಲ್ಲಾಡುವ ಹಲ್ಲು? ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತಾ? ಮಲಗಿದರೆ ಹುಳಿ ಗಂಟಲಿಗೆ ಬರುತ್ತಾ?

ಬ್ಲಾಕ್ ಚೆನ್ನಾಗಿ ಹಿಡಿಯಿತು. ಹೊರಡುವಾಗ ಅವರು ಕೊನೆಯ ಪ್ರಶ್ನೆ ಕೇಳಿದರು: ‘ಮರಗಟ್ಟಿದ್ದು ಬಿಟ್ಟ ಮೇಲೆ?’ ನೋವು ಒಮ್ಮೆಲೇ ನುಗ್ಗುತ್ತದೆ, ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಬೆರಳು ಜುಮ್ಮೆನ್ನಲು ಶುರುವಾದ ಕೂಡಲೇ ನೋವಿನ ಮಾತ್ರೆ ತಗೊಳ್ಳಿ, ನೋವಿಗೆ ಕಾಯಬೇಡಿ ಎಂದೆ. ರಾತ್ರಿ 10ಕ್ಕೆ ಜುಮ್ಮೆಂದಿತಂತೆ, ಮಾತ್ರೆ ನುಂಗಿ ಮಲಗಿದರಂತೆ. ಬೆಳಿಗ್ಗೆ ನೋಡಲು ಹೋದಾಗ ನಾನು ಕೇಳುವ ಮುಂಚೆಯೇ ಹೇಳಿದರು: ‘ನೀರಲ್ಲೇ ತಗೊಂಡೆ ಡಾಕ್ಟ್ರೇ.’