ಮೊಣಕೈಗೆ ಪಿನ್ ಬೇಡ, ಪೇರೆಂಟಿಂಗ್ ಸಾಕು

ತೊಗಲುಗೊಂಬೆ ಥರದ ಒಬ್ಬ ಸೈನಿಕನನ್ನು ಆಫ್ಟರ್ ಎಫೆಕ್ಟ್ಸ್‌ನಲ್ಲಿ ನಡೆಸಬೇಕಿತ್ತು. ಪಕ್ಕದಿಂದ ಕಾಣುವ ಆಕೃತಿ, ಕೈಕಾಲಿಗೆ ಕೀಲು. ಇಂಥ ಕೆಲಸಕ್ಕೆ ತುಂಬ ಜನ ಮೊದಲು ಪಪೆಟ್ ಪಿನ್ ಹಿಡಿಯುತ್ತಾರೆ. ಕೈಕಾಲಿಗೆ ನಾನು ಅದನ್ನು ಹಾಕುವುದಿಲ್ಲ. ಪಿನ್ ಹಾಕಿದರೆ ಚಿತ್ರದ ಮೇಲೆ ತ್ರಿಕೋನಗಳ ಬಲೆ ಬರುತ್ತದೆ, ನಾವು ಎಳೆಯುವುದು ಆ ಬಲೆಯನ್ನೇ. ಹಾಗಾಗಿ ಮೊಣಕೈ ಮಡಚುವ ಬದಲು ರಬ್ಬರ್ ಪೈಪಿನ ಹಾಗೆ ಬಾಗುತ್ತದೆ, ಒಳಬದಿ ಸೊರಗುತ್ತದೆ. ತೊಗಲಿನ ಗೊಂಬೆಯಲ್ಲಿ ಹಾಗಾಗಲ್ಲ ಅಲ್ವಾ, ಅಲ್ಲಿ ಬಿಡಿ ತುಂಡುಗಳನ್ನು ದಾರದಿಂದ ಸೇರಿಸಿರುತ್ತಾರೆ.

ಅದಕ್ಕೇ ತೋಳು, ಮುಂಗೈ ಎರಡೂ ಬೇರೆ ಬೇರೆ ಲೇಯರ್. ಅರ್ಧ ಕೆಲಸ ಚಿತ್ರ ಬರೆಯುವಾಗಲೇ ಮುಗಿಯುತ್ತದೆ. ಮೊಣಕೈ ಬಳಿ ತೋಳಿನ ಅಗಲ 120 ಪಿಕ್ಸೆಲ್ ಇದ್ದರೆ ತೋಳಿನ ಕೆಳತುದಿ, ಮುಂಗೈಯ ಮೇಲ್ತುದಿ ಎರಡನ್ನೂ ಅದೇ ಅಗಲದ ದುಂಡಗೆ ಬರೆಯುತ್ತೇನೆ. ಎರಡು ದುಂಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಆಮೇಲೆ Y ಒತ್ತಿ, ಮುಂಗೈಯ ಆಂಕರ್ ಪಾಯಿಂಟನ್ನು, ಅಂದರೆ ಲೇಯರ್ ತಿರುಗುವ ಕೇಂದ್ರವನ್ನು, ಆ ದುಂಡಿನ ನಡುವಿಗೆ ತರುತ್ತೇನೆ. ಕೀಫ್ರೇಮ್ ಹಾಕುವ ಮೊದಲೇ ಇದು ಮುಗಿಯಬೇಕು, ಇಲ್ಲದಿದ್ದರೆ ಆ ಕ್ಷಣದ ಪೊಸಿಶನ್ ಮಾತ್ರ ಬದಲಾಗಿ ಉಳಿದ ಕಡೆ ಕೈ ಜಾರುತ್ತದೆ. ರೊಟೇಶನ್ 0ಯಿಂದ 130 ಡಿಗ್ರಿವರೆಗೆ ಎಳೆದು ನೋಡಿ. ಒಂದು ಕಡೆ ಗೂನು ಎದ್ದು ಇನ್ನೊಂದು ಕಡೆ ಸಂದು ಬಿಟ್ಟರೆ ಆಂಕರ್ ನಡುವಿನಲ್ಲಿಲ್ಲ.

ಪೇರೆಂಟಿಂಗ್, ಅಂದರೆ ಒಂದು ಲೇಯರ್ ಕದಲಿದರೆ ಇನ್ನೊಂದೂ ಜೊತೆಗೆ ಹೋಗುವಂತೆ ಕಟ್ಟುವುದು, ಸುಲಭ: ಮುಂಗೈ ತೋಳಿಗೆ, ತೋಳು ಎದೆಗೆ, ತೊಡೆ ಸೊಂಟಕ್ಕೆ. ಆದರೆ ಎದೆ ಉಸಿರಾಡಲಿ ಅಂತ ಸ್ಕೇಲ್ ಅನ್ನು ಉದ್ದಕ್ಕೆ ಮಾತ್ರ ಜಾಸ್ತಿ ಮಾಡಿದರೆ, ಓರೆಯಾಗಿ ಎತ್ತಿದ ಕೈ ಕೂಡ ಸೊಟ್ಟಗಾಗುತ್ತದೆ. ಹಾಗಾಗಿ ಎದೆಯ ಜಾಗದಲ್ಲಿ ಒಂದು ನಲ್, ಅಂದರೆ ಕಣ್ಣಿಗೆ ಕಾಣದ ಖಾಲಿ ಲೇಯರ್ ಇಟ್ಟು, ಎದೆಯ ಚಿತ್ರ, ತೋಳುಗಳು ಎಲ್ಲವನ್ನೂ ಅದಕ್ಕೇ ಕಟ್ಟುತ್ತೇನೆ. ಸ್ಕೇಲ್ ಮಾಡುವುದು ಚಿತ್ರವನ್ನು ಮಾತ್ರ, ನಲ್ಲನ್ನಲ್ಲ.

ನಡಿಗೆಯಲ್ಲಿ ತಲೆನೋವು ಅಂದರೆ ಪಾದ. ಸರಪಳಿ ಸೊಂಟದಿಂದ ಕೆಳಗೆ ಇಳಿಯುವುದರಿಂದ ಸೊಂಟ ಸ್ವಲ್ಪ ತಗ್ಗಿದರೂ ನೆಲದ ಮೇಲಿನ ಪಾದ ಮುಳುಗುತ್ತದೆ, ಜಾರುತ್ತದೆ. ಪಾದ ಊರಿದ ಜಾಗಕ್ಕೆ ರೂಲರ್‌ನಿಂದ ಗೈಡ್ ಎಳೆದು, ಪ್ರತಿ ಮುಖ್ಯ ಭಂಗಿಯಲ್ಲಿ ತೊಡೆ, ಕೆಳಗಾಲು ತಿರುಗಿಸಿ ಅಲ್ಲಿಗೇ ಕೂರಿಸುತ್ತೇನೆ. ಎರಡು ಭಂಗಿಗಳ ನಡುವೆ ಕೊಂಚ ಜಾರುವುದು ಉಳಿಯುತ್ತದೆ. ಮುಂದಿನ ಭಂಗಿವರೆಗೆ ಕದಲದಂತೆ ಹಿಡಿದಿಡುವ ಹೋಲ್ಡ್ ಕೀಫ್ರೇಮ್ ಹಾಕಿದರೆ ಅದೂ ಕಾಣಲ್ಲ, ಗೊಂಬೆಗೆ ಆ ತಡೆತಡೆದ ನಡೆ ಚೆನ್ನಾಗೇ ಒಪ್ಪುತ್ತದೆ. ನಯವಾದ ನಡಿಗೆಯೇ ಬೇಕೆಂದರೆ ಇದು ಸಾಲದು, ಡ್ಯೂಇಕ್ ಥರದ ಪ್ಲಗಿನ್ ಕೊಡುವ ಐಕೆ, ಅಂದರೆ ಪಾದವನ್ನು ಇಟ್ಟಲ್ಲಿಗೆ ಮೊಣಕಾಲು ತಾನಾಗೇ ಮಡಚಿಕೊಳ್ಳುವ ವ್ಯವಸ್ಥೆ ಬೇಕು.

ಪಪೆಟ್ ಪಿನ್ ನಾನು ಬಳಸಿದ್ದು ಸೊಂಟದಿಂದ ಇಳಿಬಿದ್ದ ಬಟ್ಟೆಯ ಸೆರಗಿಗೆ ಮಾತ್ರ. ಮೇಲೆ ಎರಡು ಪಿನ್ ಅಲುಗಾಡದಂತೆ, ಕೆಳಗೆ ಎರಡು ತೂಗಾಡಲು. ಲೇಯರ್ ಸೊಂಟಕ್ಕೆ ಪೇರೆಂಟ್ ಆಗಿದೆ, ಪಿನ್‌ಗಳು ಲೇಯರಿನ ಒಳಗೇ ಇವೆ. ಇಲ್ಲಿ ಒಂದು ಜಾಗ್ರತೆ: ಇಲಸ್ಟ್ರೇಟರ್ ಫೈಲ್ ಆಗಿದ್ದರೆ ಹಿಗ್ಗಿಸಿದರೂ ಚಿತ್ರ ಮಸುಕಾಗದಂತೆ ಮಾಡುವ ಕಂಟಿನ್ಯುಯಸ್ ರಾಸ್ಟರೈಸ್ ಸ್ವಿಚ್ ಆಫ್ ಇರಲಿ. ಅದು ಆನ್ ಇದ್ದರೆ ಎಫೆಕ್ಟ್ ಲೆಕ್ಕ ಆಗುವುದು ಲೇಯರಿನ ಚಲನೆಯ ನಂತರ, ಆಗ ಸೊಂಟ ಮುಂದೆ ಹೋದಾಗ ಬಟ್ಟೆ ಪಿನ್‌ಗಳಿಂದ ಕಳಚಿಕೊಂಡ ಹಾಗೆ ಅಡ್ಡಾದಿಡ್ಡಿಯಾಗುತ್ತದೆ. ಚಿತ್ರವನ್ನು ಮೊದಲೇ ದೊಡ್ಡದಾಗಿ ಬರೆದಿಟ್ಟುಕೊಂಡರೆ ಆ ಸ್ವಿಚ್ ಬೇಕಾಗುವುದೇ ಇಲ್ಲ.