ಭಾನುವಾರದ ತಲೆನೋವು ಮತ್ತು ಡಬ್ಬದ ಹಿಂದಿನ ಸಣ್ಣ ಅಕ್ಷರ

ವಿಜಯನಗರದ ಒಂದು ಜಿಮ್‌ನಲ್ಲಿ ನಾನು ಹನ್ನೊಂದು ವರ್ಷದಿಂದ ಟ್ರೇನರ್. ಸೋಮವಾರದಿಂದ ಶನಿವಾರದವರೆಗೆ ಬೆಳಗಿನ ಜಾವ ಐದಕ್ಕೆ ಬಾಗಿಲು ತೆಗೆಯುವವನು ನಾನೇ. ಐದೂವರೆಗೆ, ವ್ಯಾಯಾಮಕ್ಕೆ ಮುಂಚೆ ಹುರುಪಿಗೆಂದು ಕುಡಿಯುವ ಪ್ರೀ-ವರ್ಕೌಟ್ ಪುಡಿಯನ್ನು ಶೇಕರ್ ಬಾಟಲಿಯಲ್ಲಿ ನೀರಿಗೆ ಕಲಸಿ ಕುಡಿದು, ಮೊದಲ ಬ್ಯಾಚ್ ಬರುವಷ್ಟರಲ್ಲಿ ನನ್ನ ವ್ಯಾಯಾಮ ಮುಗಿಸುತ್ತಿದ್ದೆ. ಭಾನುವಾರ ರಜೆ. ಆ ರಜೆಯ ದಿನವೇ ತಲೆನೋವು ಬರಲು ಶುರುವಾಯಿತು. ಎದ್ದಾಗ ತಲೆ ಭಾರ, ಹತ್ತು ಗಂಟೆ ಹೊತ್ತಿಗೆ ಎರಡೂ ಕಣತಲೆ ಮಿಡಿಯುತ್ತಿದ್ದವು. ಮಗಳು ಪಾರ್ಕಿಗೆ ಕರೆದರೆ ಸಿಡುಕುತ್ತಿದ್ದೆ. ಬಿಸಿಲು, ನಿದ್ದೆ, ಕನ್ನಡಕದ ನಂಬರು ಎಂದು ಒಂದೊಂದು ವಾರ ಒಂದೊಂದನ್ನು ದೂರಿದೆ. ಮೂಲೆಯ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿದರೆ ಮುಕ್ಕಾಲು ಗಂಟೆಯಲ್ಲಿ ತಲೆ ತಿಳಿಯಾಗುತ್ತಿತ್ತು, ಹಾಗಾಗಿ ಮುಂದೆ ಯೋಚಿಸಲಿಲ್ಲ.

ಹೆಂಡತಿ ಯೋಚಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಮಾತ್ರೆ ತೆಗೆದುಕೊಂಡ ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕುತ್ತಾ ಬಂದಳು. ತಿಂಗಳ ಕೊನೆಗೆ ಒಂಬತ್ತು ಸುತ್ತು. ನಾಲ್ಕು ಭಾನುವಾರ, ಎರಡು ಸರ್ಕಾರಿ ರಜೆ, ಊರಿಗೆ ಹೋಗಿದ್ದ ಮೂರು ದಿನ. "ನೀವು ಜಿಮ್ಮಿಗೆ ಹೋಗದ ದಿನ ಮಾತ್ರ ನೋವು ಬರುತ್ತೆ ನೋಡಿ" ಅಂದಳು. ಆವತ್ತು ಸಂಜೆ ನಾನು ಮೆಡಿಕಲ್‌ಗೆ ಹೋಗಿ, ಕತ್ತರಿಸಿದ ಎರಡು ಮಾತ್ರೆಯ ಬದಲು ಪೂರ್ತಿ ಸ್ಟ್ರಿಪ್ ಕೊಡಿ ಎಂದು ಕೇಳಿದೆ.

ಈ ಕತ್ತರಿಸುವ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ತಲೆನೋವಿನ ಮಾತ್ರೆಯನ್ನು ಸ್ಟ್ರಿಪ್ ಲೆಕ್ಕದಲ್ಲಿ ಕೊಳ್ಳುವವರು ಕಡಿಮೆ. ಎರಡು ಕೊಡಿ ಎಂದರೆ ಅಂಗಡಿಯವರು ಕತ್ತರಿಯಿಂದ ಎರಡು ಗುಳಿ ಕತ್ತರಿಸಿ ಕೊಡುತ್ತಾರೆ. ನನ್ನ ಕೈಗೆ ಬರುತ್ತಿದ್ದ ತುಂಡಿನಲ್ಲಿ ಮಾತ್ರೆಯ ಹೆಸರಿನ ಅರ್ಧ ಇರುತ್ತಿತ್ತು, ಒಳಗೇನಿದೆ ಎನ್ನುವ ಸಾಲು ಇನ್ನೊಬ್ಬರ ತುಂಡಿಗೆ ಹೋಗಿರುತ್ತಿತ್ತು. ಪೂರ್ತಿ ಸ್ಟ್ರಿಪ್ಪಿನ ಬೆನ್ನಿನ ಮೇಲೆ ಆ ಸಾಲು ಸ್ಪಷ್ಟವಾಗಿತ್ತು: ಪ್ರತಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಐಪಿ 650 ಮಿಲಿಗ್ರಾಂ, ಕೆಫೀನ್ ಅನ್‌ಹೈಡ್ರಸ್ ಐಪಿ 50 ಮಿಲಿಗ್ರಾಂ. ಐಪಿ ಎಂದರೆ ಇಂಡಿಯನ್ ಫಾರ್ಮಕೋಪಿಯ, ಅಂದರೆ ನಮ್ಮ ದೇಶದ ಔಷಧ ಗುಣಮಟ್ಟದ ಗ್ರಂಥ. ಅನ್‌ಹೈಡ್ರಸ್ ಎಂದರೆ ನೀರಿನಂಶ ತೆಗೆದ ಕೆಫೀನ್. ನಾನು ಇಷ್ಟು ದಿನ ನುಂಗುತ್ತಿದ್ದದ್ದು ಬರೀ ಪ್ಯಾರಾಸಿಟಮಾಲ್ ಎಂದೇ ನಂಬಿದ್ದೆ. ಒಂದೇ ಹೆಸರಿನ ಮಾತ್ರೆ ಜ್ವರಕ್ಕೆ ಒಂದು ಬಗೆ, ನೋವಿಗೆ ಇನ್ನೊಂದು ಬಗೆ ಎಂದು ಬರುತ್ತದೆ. ಹೆಸರಿನ ಪಕ್ಕ ಒಂದು ಚಿಕ್ಕ ಪದ ಬದಲಾದರೆ ಒಳಗಿನ ಔಷಧವೂ ಬದಲಾಗಿರಬಹುದು.

ಅಂಗಡಿಯ ಯಜಮಾನರು ವಯಸ್ಸಾದವರು. ಕೆಫೀನ್ ಯಾಕೆ ಹಾಕುತ್ತಾರೆ ಸಾರ್ ಎಂದು ಕೇಳಿದ್ದಕ್ಕೆ ಬೇಜಾರಿಲ್ಲದೆ ವಿವರಿಸಿದರು. ನೋವು ನಿವಾರಕದ ಜೊತೆ ಕೆಫೀನ್ ಸೇರಿದರೆ ಅದರ ಪರಿಣಾಮ ಸ್ವಲ್ಪ ಹೆಚ್ಚುತ್ತದೆ, ಅದಕ್ಕೇ ಹಾಕುವುದು. ಆಮೇಲೆ ನನ್ನನ್ನು ನೋಡಿ, "ದಿನಾ ಬೆಳಿಗ್ಗೆ ಏನು ಕುಡೀತೀಯಪ್ಪಾ?" ಎಂದು ಕೇಳಿದರು. ನಾನು ಪುಡಿಯ ಹೆಸರು ಹೇಳಿದೆ. "ಅದರ ಡಬ್ಬ ಓದಿದ್ದೀಯಾ?" ಎಂದರು. ಮುಂಭಾಗ ಓದಿದ್ದೆ. ಪ್ರೋಟೀನು, ಕ್ರಿಯಾಟಿನ್ನು ಎಂದು ದಿನವಿಡೀ ಬೇರೆಯವರಿಗೆ ಹೇಳುವ ನಾನು ನನ್ನದೇ ಡಬ್ಬದ ಹಿಂಭಾಗವನ್ನು ಓದಿರಲಿಲ್ಲ.

ರಾತ್ರಿ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ಅಕ್ಷರ ಅಷ್ಟು ಸಣ್ಣದಿತ್ತು. ಒಂದು ಸರ್ವಿಂಗ್ ಎಂದರೆ 12 ಗ್ರಾಂ, ಎರಡು ಸ್ಕೂಪ್. ಅದರಲ್ಲಿ ಕೆಫೀನ್ ಅನ್‌ಹೈಡ್ರಸ್ 200 ಮಿಲಿಗ್ರಾಂ. ನಾಲ್ಕು ಸಾಲು ಕೆಳಗೆ, ಗಿಡಮೂಲಿಕೆಗಳ ಪಟ್ಟಿಯಲ್ಲಿ, ಗ್ವಾರಾನಾ ಬೀಜದ ಸಾರ 200 ಮಿಲಿಗ್ರಾಂ, ಅದರಲ್ಲಿ ಶೇಕಡಾ 22 ಕೆಫೀನ್. ಗ್ವಾರಾನಾ ಬ್ರೆಜಿಲ್ ಕಡೆಯ ಒಂದು ಬಳ್ಳಿ, ಅದರ ಬೀಜದಲ್ಲಿರುವುದೂ ಇದೇ ಕೆಫೀನ್. 200ಕ್ಕೆ ಶೇಕಡಾ 22 ಎಂದರೆ 44. ಮೇಲಿನ 200 ಸೇರಿಸಿದರೆ 244. ಡಬ್ಬದಲ್ಲಿ ಎಲ್ಲೂ ಈ 244 ಬರೆದಿರಲಿಲ್ಲ, ಕೂಡಿಕೊಳ್ಳಬೇಕಾದವನು ನಾನೇ. ಕೆಲವು ಡಬ್ಬಗಳಲ್ಲಿ ಒಟ್ಟು ಕೆಫೀನ್ ಎಂದೇ ಒಂದು ಸಾಲು ಇರುತ್ತದೆ. ಅಂಥದ್ದರಲ್ಲಿ ಮತ್ತೆ ಕೂಡಬಾರದು. ಡೈಕೆಫೀನ್ ಮ್ಯಾಲೇಟ್ ಎಂದಿದ್ದರೆ ಅದರ ತೂಕದ ಸುಮಾರು ಮುಕ್ಕಾಲು ಭಾಗ ಕೆಫೀನ್ ಎಂದು ಹಿಡಿಯಬೇಕು. ಪ್ರೊಪ್ರೈಟರಿ ಬ್ಲೆಂಡ್ ಎಂದು ಹತ್ತು ಹೆಸರು ಬರೆದು ಒಂದೇ ಮೊತ್ತ ಕೊಟ್ಟಿದ್ದರೆ ಯಾವ ಲೆಕ್ಕವೂ ಸಾಧ್ಯವಿಲ್ಲ. ಅಂಥ ಡಬ್ಬವನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಹೆಂಡತಿ ಕೇಕ್ ಮಾಡಲು ಇಟ್ಟುಕೊಂಡಿದ್ದ ಪುಟ್ಟ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು, ದಿನಾ ಹಾಕಿಕೊಳ್ಳುವಂತೆಯೇ ಎರಡು ಸ್ಕೂಪ್ ಹಾಕಿದೆ. 15 ಗ್ರಾಂ ತೋರಿಸಿತು. ಕಂಪನಿ ಹೇಳುವ ಸ್ಕೂಪ್ ಮಟ್ಟಸವಾಗಿ ತುಂಬಿದ್ದು, ನನ್ನದು ಗೋಪುರ. ಡಬ್ಬ ಅಲ್ಲಾಡಿ ಪುಡಿ ಕೆಳಗೆ ಗಟ್ಟಿಯಾಗಿ ಕೂತಿದ್ದರೆ ಅದೇ ಸ್ಕೂಪ್ ಇನ್ನೂ ಹೆಚ್ಚು ತೂಗುತ್ತದೆ. 12 ಗ್ರಾಂಗೆ 244 ಆದರೆ 15 ಗ್ರಾಂಗೆ 305 ಮಿಲಿಗ್ರಾಂ. ಇದನ್ನು ನಾನು ಐದು ನಿಮಿಷದಲ್ಲಿ ಗಟಗಟ ಕುಡಿಯುತ್ತಿದ್ದೆ. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಕಾಣುವುದಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ದಾಟಬೇಡಿ ಎನ್ನುತ್ತದೆ. ನನ್ನ ಶೇಕರ್ ಒಂದೇ ಅದನ್ನು ದಾಟಿತ್ತು.

ಕಾಫಿ ಬೇರೆ. ಅದೇ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್. ದರ್ಶಿನಿಯ ಲೋಟ ಅದಕ್ಕಿಂತ ಚಿಕ್ಕದು, ಹಾಲು ಹೆಚ್ಚು, ಪುಡಿಯಲ್ಲಿ ಚಿಕೋರಿಯೂ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ನಾನು ಅಂದಾಜಿಗೆ ಒಂದು ಲೋಟಕ್ಕೆ 60 ಹಿಡಿದೆ. ಒಂಬತ್ತಕ್ಕೆ ಒಂದು, ನಾಲ್ಕಕ್ಕೆ ಒಂದು, ಅಲ್ಲಿಗೆ ದಿನಕ್ಕೆ ಸುಮಾರು 425. ಭಾನುವಾರ ಎರಡು ಕಾಫಿಯ 120 ಮಾತ್ರ. ಆರು ದಿನ 425 ಕಂಡ ದೇಹಕ್ಕೆ ಏಳನೆಯ ದಿನ ಇದ್ದಕ್ಕಿದ್ದಂತೆ 300 ಕಡಿಮೆ.

ಆಗ ಆಗುವುದು ಇದು. ನಮ್ಮ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ತೂಕಡಿಕೆಯನ್ನೂ ತರುತ್ತದೆ. ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ದಿನಾ ಅಡ್ಡ ನಿಂತ ಕೆಫೀನ್ ಒಂದು ದಿನ ಬಾರದೇ ಹೋದರೆ ರಕ್ತನಾಳಗಳು ಹಿಗ್ಗಿ, ತಲೆ ಮಿಡಿಯುತ್ತದೆ. ಸಾಮಾನ್ಯವಾಗಿ 12ರಿಂದ 24 ಗಂಟೆಯಲ್ಲಿ ಶುರುವಾಗಿ, ಎರಡನೆಯ ದಿನದ ಹೊತ್ತಿಗೆ ಹೆಚ್ಚುತ್ತದೆ. ಅಂತಾರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಜಾಗವೇ ಇದೆ: ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನನ್ನು ಎರಡು ವಾರಕ್ಕೂ ಹೆಚ್ಚು ಕಾಲ ತೆಗೆದುಕೊಂಡವರು ನಿಲ್ಲಿಸಿದಾಗ ಬರುವ ನೋವು, 100 ಮಿಲಿಗ್ರಾಂ ಕೆಫೀನ್ ಕೊಟ್ಟರೆ ಒಂದು ಗಂಟೆಯೊಳಗೆ ಇಳಿಯುವ ನೋವು.

ಈ ಕೊನೆಯ ಮಾತನ್ನೇ ಹಿಡಿದು ನಾನು ಎರಡು ಭಾನುವಾರ ಪರೀಕ್ಷೆ ಮಾಡಿದೆ. ಮೊದಲ ವಾರ ನೋವು ಬಂದಾಗ ಕೆಫೀನ್ ಇಲ್ಲದ ಬರೀ ಪ್ಯಾರಾಸಿಟಮಾಲ್ 650 ತೆಗೆದುಕೊಂಡೆ, ಮಧ್ಯಾಹ್ನದವರೆಗೆ ಕಾಫಿ ಮುಟ್ಟಲಿಲ್ಲ. ಎರಡು ಗಂಟೆಯಾದರೂ ನೋವು ಮೊಂಡಾಯಿತೇ ಹೊರತು ಹೋಗಲಿಲ್ಲ. ಮರುವಾರ ಮಾತ್ರೆಯೇ ಇಲ್ಲ. ಪುಡಿಯನ್ನು 5 ಗ್ರಾಂ ತೂಗಿ ಕುಡಿದೆ, ಲೆಕ್ಕಕ್ಕೆ ಸರಿಯಾಗಿ ಸುಮಾರು 100 ಮಿಲಿಗ್ರಾಂ ಕೆಫೀನ್. ಮುಕ್ಕಾಲು ಗಂಟೆಯಲ್ಲಿ ತಲೆ ತಿಳಿ. ಇಷ್ಟು ತಿಂಗಳು ನಾನು ಔಷಧ ಎಂದು ನುಂಗಿದ ಮಾತ್ರೆ, ಬೆಳಗಿನ ಶೇಕರಿನ ಒಂದು ಪಾಲನ್ನೇ ನನಗೆ ವಾಪಸು ಕೊಡುತ್ತಿತ್ತು.

ಹೆದರಿಕೆ ಹುಟ್ಟಿಸಿದ್ದು ಆ ಒಂಬತ್ತು ಸುತ್ತು. ಹೀಗೆ ಎರಡು ಮೂರು ಔಷಧ ಬೆರೆತ ನೋವಿನ ಮಾತ್ರೆಯನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳು ದಾಟಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ನಾನು ಅದರ ಹೊಸ್ತಿಲಲ್ಲಿ ನಿಂತಿದ್ದೆ.

ಒಮ್ಮೆಲೇ ನಿಲ್ಲಿಸಲಿಲ್ಲ. ತೂಕದ ಯಂತ್ರವನ್ನು ಜಿಮ್ಮಿಗೇ ಒಯ್ದೆ. ಮೊದಲ ವಾರ ಮಟ್ಟಸ 12 ಗ್ರಾಂ, ಎರಡನೆಯ ವಾರ 9, ಮೂರಕ್ಕೆ 6, ನಾಲ್ಕಕ್ಕೆ 3. ಕೆಫೀನಿನ ಲೆಕ್ಕದಲ್ಲಿ 244, 183, 122, 61. ಐದನೆಯ ವಾರ ಸೊನ್ನೆ. ಭಾನುವಾರವೂ ಆ ವಾರದ ಅಳತೆಯನ್ನೇ ಕುಡಿದೆ, ಏಕೆಂದರೆ ನನ್ನ ತೊಂದರೆಯ ಬೇರು ಇದ್ದದ್ದು ಆರು ದಿನಕ್ಕೂ ಏಳನೆಯ ದಿನಕ್ಕೂ ನಡುವಿನ ಆ ಅಂತರದಲ್ಲಿ. ಕಾಫಿ ಎರಡೇ ಲೋಟ, ಮೊದಲಿನಂತೆ. ಎರಡನೆಯ ವಾರ ಎರಡು ದಿನ ತಲೆ ಮಂಕಾಗಿತ್ತು, ಸ್ಕ್ವಾಟ್‌ನಲ್ಲಿ ಹತ್ತು ಕಿಲೊ ಇಳಿಸಿದೆ. ಮೂರನೆಯ ವಾರ ಒಂದು ಸಲ ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡೆ. ಅದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಆ ಹತ್ತು ಕಿಲೊ ಆರನೆಯ ವಾರಕ್ಕೆ ವಾಪಸು ಬಂತು.

ಇದನ್ನು ಕೇಳಿದ ಮೇಲೆ ಜಿಮ್ಮಿನವರು ತಮ್ಮ ತಮ್ಮ ಡಬ್ಬ, ಸ್ಟ್ರಿಪ್ ತಂದು ತೋರಿಸುತ್ತಾರೆ. ಸಂಜೆ ಏಳರ ಬ್ಯಾಚಿನ ಒಬ್ಬರು ಹೊಸಬರು, ರಾತ್ರಿ ಎರಡಾದರೂ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಆರೂವರೆಗೆ 200 ಮಿಲಿಗ್ರಾಂನ ಸ್ಕೂಪ್, ನಿದ್ದೆಗೆಟ್ಟ ತಲೆನೋವಿಗೆ ರಾತ್ರಿ ಹತ್ತಕ್ಕೆ 50 ಮಿಲಿಗ್ರಾಂ ಇರುವ ಮಾತ್ರೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲಿ ಅದಕ್ಕೂ ಬಹಳ ಹೆಚ್ಚು. ಹನ್ನೊಂದೂವರೆಗೆ ಮಲಗಿದಾಗಲೂ ಅವರೊಳಗೆ ಸುಮಾರು 140 ಮಿಲಿಗ್ರಾಂ ಉಳಿದಿತ್ತು. ಕಾಗದದಲ್ಲಿ ಬರೆದು ತೋರಿಸಿದೆ. ಅವರು ಸ್ಕೂಪ್ ಬಿಟ್ಟು, ಮಾತ್ರೆಯನ್ನು ಬರೀ ಪ್ಯಾರಾಸಿಟಮಾಲ್‌ಗೆ ಬದಲಿಸಿದರು.

ಇನ್ನೊಬ್ಬರು ತಂದ ಮೈಗ್ರೇನ್ ಸ್ಟ್ರಿಪ್‌ನಲ್ಲಿ ಕೆಫೀನ್ 100 ಮಿಲಿಗ್ರಾಂ ಜೊತೆ ಎರ್ಗೊಟಮಿನ್ ಎಂದಿತ್ತು. ಎರ್ಗೊಟಮಿನ್ ರಕ್ತನಾಳ ಬಿಗಿಸುವ ಔಷಧ, ವೈದ್ಯರ ಚೀಟಿಯದ್ದು. ಅಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ. ಅದನ್ನು ಬರೆದುಕೊಟ್ಟ ಡಾಕ್ಟರಿಗೇ ಪ್ರೀ-ವರ್ಕೌಟ್ ಡಬ್ಬವನ್ನೂ ತೋರಿಸಿ ಎಂದು ಕಳಿಸಿದೆ. ಹಠಾತ್ತನೆ ಸಿಡಿಲಿನಂತೆ ಬರುವ ನೋವು, ಜ್ವರ ಮತ್ತು ಕತ್ತು ಬಿಗಿತದ ಜೊತೆಗಿನ ನೋವು, ಕಣ್ಣು ಮಂಜಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಇವಕ್ಕೂ ಹಾಗೆಯೇ. ತಕ್ಷಣ ಆಸ್ಪತ್ರೆ.

ಮೆಡಿಕಲ್‌ನ ಯಜಮಾನರಿಗೆ ಈಗ ನನ್ನ ಅಭ್ಯಾಸ ಗೊತ್ತು. ಎರಡೇ ಮಾತ್ರೆ ಕೇಳಿದರೂ, ಕತ್ತರಿಸುವ ಮೊದಲು ಸ್ಟ್ರಿಪ್ ತಿರುಗಿಸಿ ಆ ಸಾಲನ್ನು ನನ್ನ ಕಡೆ ಹಿಡಿಯುತ್ತಾರೆ.